ಅಪ್ಪನ ಬಲಗೈ ನಡುಕ, ಕಾಲೆಳೆಯುವ ನಡಿಗೆ: ಪಾರ್ಕಿನ್ಸನ್ನೋ, ಮಾತ್ರೆಗಳ ಕೆಲಸವೋ?

ತುಂಗಾತೀರ (ಪ್ರಶ್ನೆ)

ಅಪ್ಪನಿಗೆ 71. ಕೊಪ್ಪದ ಹತ್ತಿರ ಊರಲ್ಲೇ ಇದ್ದಾರೆ. ಎಂಟು ತಿಂಗಳಿಂದ ಬಲಗೈ ನಡುಗುತ್ತಿದೆ. ಕೈ ಸುಮ್ಮನೆ ತೊಡೆ ಮೇಲಿದ್ದಾಗ, ಟಿ.ವಿ. ನೋಡುವಾಗ ನಡುಕ ಜಾಸ್ತಿ. ಹೆಬ್ಬೆರಳು ಮತ್ತು ತೋರುಬೆರಳು ಒಂದಕ್ಕೊಂದು ಉಜ್ಜಿಕೊಂಡು ಬೀಡಿ ಸುತ್ತಿದ ಹಾಗೆ ಕಾಣುತ್ತೆ. ಲೋಟ ಎತ್ತಲು ಹೋದರೆ ನಿಲ್ಲುತ್ತೆ. ಐದು ತಿಂಗಳಿಂದ ನಡಿಗೆಯೂ ಬದಲಾಗಿದೆ. ಹೆಜ್ಜೆ ಚಿಕ್ಕದಾಗಿದೆ, ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ಬರುತ್ತೆ. ಅಂಗಿ ಗುಂಡಿ ಹಾಕಿಕೊಳ್ಳಲು ಮೊದಲಿನ ಎರಡರಷ್ಟು ಹೊತ್ತು ಬೇಕು.

ಊರಿನ ಡಾಕ್ಟರು ವಯಸ್ಸಾಯ್ತಲ್ಲ ಅಂದರು. ಇನ್ನೊಬ್ಬರು ಪಾರ್ಕಿನ್ಸನ್ ಇರಬಹುದು, ನ್ಯೂರಾಲಜಿಸ್ಟ್‌ಗೆ ತೋರಿಸಿ ಅಂದಿದ್ದಾರೆ. ಅಪಾಯಿಂಟ್‌ಮೆಂಟ್ ಇನ್ನೂ ಮೂರು ವಾರ ಇದೆ. ಅವರು ಏನೇನು ಯೋಚನೆ ಮಾಡ್ತಾರೆ, ನಾವು ಏನು ತಯಾರಿ ಮಾಡಿಕೊಂಡು ಹೋಗಬೇಕು?

ಬಿ.ಪಿ.ಗೆ ಆಮ್ಲೋಡಿಪಿನ್ 5, ಶುಗರ್‌ಗೆ ಮೆಟ್‌ಫಾರ್ಮಿನ್ 500 ಎರಡು ಹೊತ್ತು ತಗೋತಾರೆ. ಅದು ಬಿಟ್ಟರೆ ಗ್ಯಾಸ್ಟ್ರಿಕ್ ಮಾತ್ರೆ, ವಿಟಮಿನ್ ಅಷ್ಟೇ.

ಬೆಳ್ಳಿಮೋಡ

ನಮ್ಮ ಅತ್ತೆಗೂ ಇದೇ. ಕಾಫಿ ಲೋಟ ಹಿಡಿದರೆ ಸಾಕು, ಎರಡೂ ಕೈ ನಡುಗಿ ಚೆಲ್ಲುತ್ತೆ. ಸಹಿ ಹಾಕುವಾಗಲೂ ಅಷ್ಟೇ. ಹತ್ತು ವರ್ಷದಿಂದ ಇದೆ, ಅವರ ತಂದೆಗೂ ಇತ್ತಂತೆ. ಪ್ರೊಪ್ರನೊಲಾಲ್ ಕೊಟ್ಟ ಮೇಲೆ ಅರ್ಧಕ್ಕರ್ಧ ಕಡಿಮೆಯಾಯ್ತು. ನೀವೂ ಅದನ್ನೇ ಕೇಳಿ ನೋಡಿ.

ನರಮಂಡಲ_ಮೈಸೂರು

ಬೆಳ್ಳಿಮೋಡ ಅವರೇ, ನಿಮ್ಮ ಅತ್ತೆಯವರದು ಬೇರೆ ಜಾತಿಯ ನಡುಕ. ಕೆಲಸ ಮಾಡುವಾಗ, ಕೈ ಚಾಚಿ ಹಿಡಿದಾಗ ಎರಡೂ ಕೈಗೆ ಬರುವುದು, ಮನೆತನದಲ್ಲಿ ಇರುವುದು, ವರ್ಷಗಟ್ಟಲೆ ಹಾಗೇ ಉಳಿಯುವುದು, ಇವೆಲ್ಲ ಎಸೆನ್ಷಿಯಲ್ ಟ್ರೆಮರ್‌ನ ಲಕ್ಷಣ. ಅದರಲ್ಲಿ ನಡಿಗೆ ನಿಧಾನವಾಗುವುದಿಲ್ಲ, ಗುಂಡಿ ಹಾಕಲು ತಡವಾದರೂ ಅದು ನಡುಕದಿಂದ. ತುಂಗಾತೀರ ಅವರ ತಂದೆಗೆ ಆಗಿರುವುದು ತಿರುಗುಮುರುಗು: ಕೈ ಸುಮ್ಮನಿದ್ದಾಗ ನಡುಕ, ಕೆಲಸಕ್ಕೆ ಹೋದರೆ ನಿಲ್ಲುತ್ತದೆ, ಒಂದೇ ಕೈ, ಜೊತೆಗೆ ನಿಧಾನ. ಪ್ರೊಪ್ರನೊಲಾಲ್ ಇದಕ್ಕೆ ಮೊದಲ ಮದ್ದಲ್ಲ. ಉಬ್ಬಸ ಇರುವವರಿಗೆ ಅದು ಅಪಾಯ ಕೂಡ.

ತುಂಗಾತೀರ ಅವರೇ, ಉಳಿದದ್ದು ಬರೆಯುವ ಮುನ್ನ ಒಂದು ಕೆಲಸ ಮಾಡಿ. "ಗ್ಯಾಸ್ಟ್ರಿಕ್ ಮಾತ್ರೆ ಅಷ್ಟೇ" ಅಂದಿರಲ್ಲ, ಆ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರದಲ್ಲಿ ಏನಿದೆ ಓದಿ ಇಲ್ಲಿ ಹಾಕಿ. ಕಳೆದ ಒಂದು ವರ್ಷದಲ್ಲಿ ತಲೆಸುತ್ತು, ವಾಂತಿ, ನಿದ್ದೆ, ಮೈಗ್ರೇನ್‌ಗೆ ಅಂತ ತಗೊಂಡು ಬಿಟ್ಟ ಮಾತ್ರೆಗಳೂ ಬೇಕು. ಬಿಟ್ಟದ್ದೂ ಮುಖ್ಯ.

ಹಳೇಬೇರು

ಇಷ್ಟೆಲ್ಲ ಯಾಕೆ? ಒಂದು ಎಂಆರ್‌ಐ ಮಾಡಿಸಿದರೆ ಪಾರ್ಕಿನ್ಸನ್ ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತೆ. ಇನ್ನೊಂದು ಸುಲಭದ ಪರೀಕ್ಷೆ: ಎರಡೂ ಕೈ ಮುಂದೆ ಚಾಚಿ ಹಿಡಿಯಲು ಹೇಳಿ. ಆಗಲೂ ನಡುಗಿದರೆ ಪಾರ್ಕಿನ್ಸನ್ ಅಲ್ಲ, ನಿಂತರೆ ಪಾರ್ಕಿನ್ಸನ್.

ನರಮಂಡಲ_ಮೈಸೂರು

ಎರಡೂ ಅರ್ಧ ಸರಿ. ಪಾರ್ಕಿನ್ಸನ್ನಿನಲ್ಲಿ ಸಾಮಾನ್ಯ ಎಂಆರ್‌ಐ ಬಹಳ ಸಲ ವಯಸ್ಸಿಗೆ ತಕ್ಕಂತೆ ನಾರ್ಮಲ್ಲೇ ಬರುತ್ತದೆ. ಅದನ್ನು ಮಾಡಿಸುವುದು ಬೇರೆ ಕಾರಣಗಳನ್ನು ಪಕ್ಕಕ್ಕಿಡಲು. ಮೆದುಳಿನೊಳಗಿನ ನೀರಿನ ಕೋಣೆಗಳು ಹಿಗ್ಗಿವೆಯೇ, ಚಿಕ್ಕಪುಟ್ಟ ರಕ್ತನಾಳ ಮುಚ್ಚಿದ ಗುರುತುಗಳಿವೆಯೇ, ಗಡ್ಡೆ ಇದೆಯೇ, ಬಿದ್ದ ಮೇಲೆ ತಲೆಬುರುಡೆಯೊಳಗೆ ರಕ್ತ ಕಟ್ಟಿದೆಯೇ ಎಂದು ನೋಡಲು. ರಿಪೋರ್ಟ್ ನಾರ್ಮಲ್ ಅಂದ ತಕ್ಷಣ "ಏನೂ ಇಲ್ಲ" ಅಂತ ಮನೆಗೆ ಬಂದವರು ತುಂಬ ಜನ.

ಕೈ ಚಾಚುವ ಪರೀಕ್ಷೆಯಲ್ಲಿ ಜನ ತಪ್ಪುವುದು ಇಲ್ಲೇ. ಚಾಚಿದೊಡನೆ ನಡುಕ ನಿಲ್ಲುತ್ತದೆ ನಿಜ. ಹಾಗೇ ಹಿಡಿದಿರಿ ಅಂತ ಹೇಳಿ ಕೆಲವು ಸೆಕೆಂಡು ಕಾದರೆ, ಅದೇ ಕೈಯಲ್ಲಿ ಅದೇ ವೇಗದಲ್ಲಿ ಮತ್ತೆ ಶುರುವಾಗಬಹುದು. ಇದು ಪಾರ್ಕಿನ್ಸನ್ನಿನದೇ ನಡುಕ, ಹೊಸ ಭಂಗಿಯಲ್ಲಿ ಮರಳಿ ಬಂದದ್ದು. ಎಸೆನ್ಷಿಯಲ್ ಟ್ರೆಮರ್‌ನಲ್ಲಿ ಈ ಬಿಡುವು ಇರುವುದಿಲ್ಲ, ಚಾಚಿದ ಕ್ಷಣದಿಂದಲೇ ನಡುಗುತ್ತದೆ. ಹಾಗಾಗಿ ನೋಡಬೇಕಾದದ್ದು ನಡುಗಿತೋ ಇಲ್ಲವೋ ಅನ್ನುವುದಕ್ಕಿಂತ, ಎಷ್ಟು ಹೊತ್ತಿನ ಮೇಲೆ ನಡುಗಿತು ಅನ್ನುವುದನ್ನು.

ಮತ್ತೆ, ನಡುಕಕ್ಕಿಂತ ದೊಡ್ಡ ಸಾಕ್ಷಿ ನಿಧಾನ. ನಿಧಾನ ಇಲ್ಲದೆ ಬರೀ ನಡುಕದ ಮೇಲೆ ಯಾವ ನ್ಯೂರಾಲಜಿಸ್ಟೂ ಪಾರ್ಕಿನ್ಸನ್ ಎಂದು ಖಚಿತವಾಗಿ ಬರೆಯುವುದಿಲ್ಲ.

ತುಂಗಾತೀರ

ಅಮ್ಮನಿಗೆ ಫೋನ್ ಮಾಡಿ ಔಷಧಿ ಡಬ್ಬ ಪೂರ್ತಿ ಸುರಿಸಿ ಫೋಟೊ ತರಿಸಿಕೊಂಡೆ. ಗ್ಯಾಸ್ಟ್ರಿಕ್‌ನದು ಕ್ಯಾಪ್ಸೂಲ್, ಅದರಲ್ಲಿ ರಾಬೆಪ್ರಜೋಲ್ 20 ಮತ್ತು ಲೆವೊಸಲ್ಪಿರೈಡ್ 75 ಅಂತ ಇದೆ. ಬೆಳಗ್ಗೆ ಖಾಲಿ ಹೊಟ್ಟೆಗೆ, ಒಂದೂವರೆ ವರ್ಷದಿಂದ. ಡಬ್ಬದ ತಳದಲ್ಲಿ ಸಿನ್ನರಿಜಿನ್ 25ರ ಸ್ಟ್ರಿಪ್ ಸಿಕ್ಕಿತು. ಹೋದ ಚಳಿಗಾಲದಲ್ಲಿ ತಲೆಸುತ್ತಿಗೆ ಹತ್ತು ದಿನಕ್ಕೆ ಬರೆದುಕೊಟ್ಟಿದ್ದಂತೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರಿಸಿಕೊಂಡು ನಾಲ್ಕು ತಿಂಗಳು ನುಂಗಿದ್ದಾರೆ. ಈಗಲೂ ತಲೆ ಸುತ್ತಿದ ದಿನ ಒಂದು ಹಾಕಿಕೊಳ್ತಾರಂತೆ.

ಇವೆರಡಕ್ಕೂ ನಡುಕಕ್ಕೂ ಏನು ಸಂಬಂಧ?

ಔಷಧಿಕಪಾಟು

ಫಾರ್ಮಸಿಯವನಾಗಿ ಇದಕ್ಕೆ ಉತ್ತರಿಸಲೇಬೇಕು.

ಡೋಪಮಿನ್ ಅಂದರೆ ಮೈಯ ಚಲನೆ ಸರಾಗವಾಗಿರಲು ಮೆದುಳಿಗೆ ಬೇಕಾದ ರಾಸಾಯನಿಕ. ಲೆವೊಸಲ್ಪಿರೈಡ್ ಕೆಲಸ ಮಾಡುವುದೇ ಅದರ ಬಾಗಿಲು ಮುಚ್ಚಿ. ಹೊಟ್ಟೆಯಲ್ಲಿ ಆ ಬಾಗಿಲು ಮುಚ್ಚಿದರೆ ಜಠರ ಬೇಗ ಖಾಲಿಯಾಗುತ್ತದೆ, ಹೊಟ್ಟೆ ಉಬ್ಬರ ಇಳಿಯುತ್ತದೆ. ಆದರೆ ಮದ್ದು ಮೆದುಳಿಗೂ ಹೋಗುತ್ತದೆ, ಅಲ್ಲಿಯೂ ಅದೇ ಬಾಗಿಲು ಮುಚ್ಚುತ್ತದೆ. ಪಾರ್ಕಿನ್ಸನ್ನಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳೇ ಸಾಯುತ್ತವೆ. ಇಲ್ಲಿ ಡೋಪಮಿನ್ ಇರುತ್ತದೆ, ಒಳಗೆ ಹೋಗಲು ದಾರಿಯಿಲ್ಲ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ: ನಿಧಾನ, ಬಿಗಿತ, ಪುಟ್ಟ ಹೆಜ್ಜೆ, ನಡುಕ. ಸಿನ್ನರಿಜಿನ್, ಮೈಗ್ರೇನ್‌ಗೆ ಕೊಡುವ ಫ್ಲುನರಿಜಿನ್ ಕೂಡ ವಯಸ್ಸಾದವರಿಗೆ ಇದನ್ನೇ ಮಾಡುತ್ತವೆ. ವಾಂತಿಯ ಮೆಟೊಕ್ಲೊಪ್ರಮೈಡ್, ತಲೆಸುತ್ತಿನ ಪ್ರೊಕ್ಲೊರ್‌ಪೆರಜಿನ್ ಅದೇ ಸಾಲಿಗೆ ಸೇರುತ್ತವೆ. ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್‌ನಿಂದಲೂ ನಡುಕ, ನಿಧಾನ ಬರುವುದುಂಟು.

ಕೌಂಟರಿನಲ್ಲಿ ನಿಂತವರಿಗೆ ಗೊತ್ತು, ಗ್ಯಾಸ್ಟ್ರಿಕ್ ಕ್ಯಾಪ್ಸೂಲ್ ಎಂದರೆ ಎಲ್ಲರಿಗೂ ಒಂದೇ. ಹೆಸರಿನ ಬಾಲದಲ್ಲಿ "ಎಲ್" ಇದ್ದರೆ ಸಾಮಾನ್ಯವಾಗಿ ಲೆವೊಸಲ್ಪಿರೈಡ್, "ಡಿ" ಇದ್ದರೆ ಡೊಂಪೆರಿಡೋನ್. ಡೊಂಪೆರಿಡೋನ್ ಮೆದುಳಿಗೆ ಅಷ್ಟಾಗಿ ನುಗ್ಗುವುದಿಲ್ಲ, ಹಾಗಾಗಿ ಈ ತೊಂದರೆ ಅಪರೂಪ. ಬಾಲ ನಂಬಿ ಕೂರಬೇಡಿ, ಹಿಂದೆ ಬರೆದದ್ದನ್ನು ಓದಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ, ಈ ಕ್ಯಾಪ್ಸೂಲಿನ ಬದಲು ಬರೀ ರಾಬೆಪ್ರಜೋಲ್ ಸಾಕೇ ಅಂತ ಕೇಳಿ. ಹೆಚ್ಚಿನವರು ಒಪ್ಪುತ್ತಾರೆ. ಇದನ್ನು ಓದಿದ ಬೇರೆಯವರು ಮಾನಸಿಕ ಕಾಯಿಲೆಗೆ ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್‌ನಿಂದಲೂ ಇದೇ ನಡಿಗೆ ಬರುತ್ತದೆ, ಆದರೆ ಅವುಗಳ ಬದಲಾವಣೆ ಆ ವೈದ್ಯರ ಕೈಯಲ್ಲೇ ಆಗಬೇಕು.

ಹಳೇಬೇರು

ಮಾತ್ರೆಯಿಂದ ಬರುವುದು ಎರಡೂ ಕಡೆ ಒಂದೇ ಸಮ ಇರುತ್ತೆ ಅಂತ ಓದಿದ್ದೇನೆ. ಇವರ ತಂದೆಗೆ ಬಲಗೈ ಮಾತ್ರ. ಅಂದಮೇಲೆ ಮಾತ್ರೆಯದ್ದಲ್ಲ ಅಲ್ಲವೇ?

ನರಮಂಡಲ_ಮೈಸೂರು

ಪುಸ್ತಕದಲ್ಲಿ ಹಾಗೇ ಇದೆ, ಹೊರರೋಗಿ ವಿಭಾಗದಲ್ಲಿ ಅಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ. ಮಾತ್ರೆಯಿಂದ ಬಂದವರಲ್ಲೂ ಸಾಕಷ್ಟು ಜನರಿಗೆ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಆದ್ದರಿಂದ ಎಡ-ಬಲ ನೋಡಿ ತೀರ್ಮಾನಿಸಲಾಗದು.

ಈ ಕೇಸಿನಲ್ಲಿ ನನಗೆ ಕಾಣುವುದು ಇನ್ನೊಂದು ಮಗ್ಗುಲು. ಪಾರ್ಕಿನ್ಸನ್ ಕೈಗೆ ಬರುವ ಎಷ್ಟೋ ವರ್ಷ ಮೊದಲೇ ಕರುಳಿಗೆ ಬರುತ್ತದೆ. ಮಲಬದ್ಧತೆ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದ ಹಾಗೆ, ಉಬ್ಬರ. ಎದ್ದು ನಿಂತಾಗ ಬಿ.ಪಿ. ಇಳಿದು ತಲೆಸುತ್ತು. ಈ ದೂರು ಹೇಳಿಕೊಂಡು ಹೋದವರಿಗೆ ನಮ್ಮಲ್ಲಿ ಸಿಗುವುದೇನು? ಉಬ್ಬರಕ್ಕೆ ಲೆವೊಸಲ್ಪಿರೈಡ್, ತಲೆಸುತ್ತಿಗೆ ಸಿನ್ನರಿಜಿನ್. ಅಂದರೆ ಕಾಯಿಲೆಯ ಮೊದಲ ಲಕ್ಷಣಕ್ಕೆ ಕೊಟ್ಟ ಮದ್ದೇ ಕಾಯಿಲೆಯನ್ನು ಬೇಗ ಹೊರಗೆಳೆಯುತ್ತದೆ. ಹಾಗಾಗಿ "ಪಾರ್ಕಿನ್ಸನ್ನೋ ಮಾತ್ರೆಯೋ" ಎನ್ನುವ ನಿಮ್ಮ ಪ್ರಶ್ನೆಗೆ "ಎರಡೂ" ಎಂಬ ಉತ್ತರವೂ ಇದೆ. ನನ್ನ ಅಂದಾಜು ಈಗ ಆ ಕಡೆಗೇ ವಾಲುತ್ತಿದೆ.

ಇದನ್ನು ಅಳೆಯಲು ಮೂರು ಪ್ರಶ್ನೆ. ಅಮ್ಮನನ್ನು ಕೇಳಿ, ಅಪ್ಪನನ್ನಲ್ಲ. ಒಂದು, ನಿದ್ದೆಯಲ್ಲಿ ಕೂಗುವುದು, ಒದೆಯುವುದು, ಕನಸಿನಲ್ಲಿ ಜಗಳವಾಡಿದ ಹಾಗೆ ಕೈ ಬೀಸುವುದು ಇದೆಯೇ, ಎಷ್ಟು ವರ್ಷದಿಂದ? ಎರಡು, ಒಗ್ಗರಣೆ ಸೀದರೆ, ಹಾಲು ಉಕ್ಕಿ ಹೊತ್ತಿದರೆ ವಾಸನೆ ತಿಳಿಯುತ್ತದೆಯೇ? ಮೂರು, ಮಲಬದ್ಧತೆ ಕ್ಯಾಪ್ಸೂಲ್ ಶುರುವಾಗುವ ಮುಂಚೆಯೇ ಇತ್ತೇ? ಬರೀ ಮಾತ್ರೆಯಿಂದ ಬಂದದ್ದಾದರೆ ಈ ಹಳೇ ಗುರುತುಗಳು ಸಾಮಾನ್ಯವಾಗಿ ಇರುವುದಿಲ್ಲ.

ಹೆಜ್ಜೆಗುರುತು_ಧಾರವಾಡ

ನಾ ಫಿಸಿಯೊ. ಡಾಕ್ಟರ್ ಕಡೆ ಹೋಗೂಕಿಂತ ಮೊದಲ ಮೊಬೈಲಿನ್ಯಾಗ ವಿಡಿಯೊ ಮಾಡ್ಕೊಂಡ ಹೋಗ್ರಿ. ಆಸ್ಪತ್ರಿಗೆ ಬಂದ ಕೂಡ್ಲೆ ಮಂದಿ ಎಚ್ಚರಾಗಿ ಛಲೋ ನಡೀತಾರ, ಮನ್ಯಾಗಿಂದು ಕಾಣಂಗಿಲ್ಲ.

ಮೊದಲನೇದು ಕೂತಿದ್ದು. ಎರಡೂ ಕೈ ತೊಡಿ ಮ್ಯಾಲೆ ಸಡಿಲ ಬಿಡಸ್ರಿ, ಅಂಗೈ ಮ್ಯಾಲಮುಖ ಇರ್ಲಿ. ನೂರರಿಂದ ಏಳೇಳು ಕಳಕೋತ ಹೋಗ್ರಿ ಅಂತ ಹೇಳ್ರಿ: 93, 86, 79... ಮನಸ್ಸು ಲೆಕ್ಕಕ್ಕ ಹೋತಂದ್ರ ಅಡಗಿಕೊಂಡಿದ್ದ ನಡುಕ ಹೊರಗ ಬರ್ತದ. ಒಂದು ನಿಮಿಷ ಹಿಡೀರಿ, ಗದ್ದ, ಕಾಲೂ ಚಿತ್ರದಾಗ ಇರ್ಲಿ.

ಎರಡನೇದು ಬೆರಳ ಬಡಿಯೂದು. ಹೆಬ್ಬೆರಳಿಗೆ ತೋರಬೆರಳು, ಆದಷ್ಟು ಅಗಲ ತಗದು, ಆದಷ್ಟು ಜೋರ, ಹದಿನೈದು ಸೆಕೆಂಡು. ಒಂದೊಂದ ಕೈ ಬ್ಯಾರೆ ಬ್ಯಾರೆ. ವೇಗ ಅಷ್ಟ ನೋಡಬ್ಯಾಡ್ರಿ. ಮೊದಲ ನಾಲ್ಕೈದು ಸಲ ಅಗಲ ಇದ್ದದ್ದು ಬರಬರತ ಸಣ್ಣ ಆಗ್ತದೇನು, ನಡುವ ತಡದ ನಿಂತ್ಹಂಗ ಆಗ್ತದೇನು, ಅದನ್ನ ನೋಡೂದು. ಕೀಲುನೋವಿನವರು ಮೊದಲಿಂದ ಕಡೀತನಕ ಒಂದ ಸಮ ನಿಧಾನ ಇರ್ತಾರ. ಇಲ್ಲಿ ಹಂಗಲ್ಲ, ಕರಗಿಕೋತ ಹೋಗ್ತದ.

ಮೂರನೇದು ನಡಿಗಿ. ಬರಿಗಾಲು, ಹತ್ತು ಹೆಜ್ಜಿ ಹೋಗಿ ತಿರುಗಿ ಬರೂದು, ಎದುರಿನಿಂದ ಒಮ್ಮೆ, ಬದಿಯಿಂದ ಒಮ್ಮೆ. ಯಾವ ಕೈ ಬೀಸಂಗಿಲ್ಲ? ತಿರುಗಾಕ ಎಷ್ಟು ಹೆಜ್ಜಿ ಬೇಕಾತು? ಸರಳ ಇದ್ದವ್ರಿಗೆ ಎರಡು ಮೂರು ಸಾಕು, ಇಂಥಾವ್ರು ಪೂರಾ ಮೈ ಒಂದ ದಿಮ್ಮಿಯಂಗ ಐದಾರು ಸಣ್ಣ ಹೆಜ್ಜ್ಯಾಗ ತಿರುಗ್ತಾರ. ನಡಿಯೂ ಮುಂದ ನಡುಗೂ ಕೈ ಇನ್ನೂ ಜೋರ ನಡುಗ್ತದ, ಅದನ್ನೂ ಹಿಡೀರಿ.

ಹಿಂದಿಂದ ಭುಜ ಜಗ್ಗಿ ಸಮತೋಲ ನೋಡೂ ಪರೀಕ್ಷಾ ಅದ, ಅದನ್ನ ಮನ್ಯಾಗ ಮಾಡಬ್ಯಾಡ್ರಿ. ಬಿದ್ದ ಸೊಂಟ ಮುರಕೊಂಡ್ರ ಬ್ಯಾರೇನ ಕತಿ ಆಗ್ತದ.

ಅಡಿಕೆಹಾಳೆ

ನಡಿಗೆ ಕಾಲೆಳೆದರೆ ಲಕ್ವ ಹೊಡೆದಿರಬಹುದಲ್ಲ? ಬಿ.ಪಿ., ಶುಗರ್ ಎರಡೂ ಇದೆ. ಒಂದೇ ಕಡೆ ಬೇರೆ. ಮೊದಲು ಆಸ್ಪಿರಿನ್ ಶುರು ಮಾಡಿಸಿ.

ಹೆಜ್ಜೆಗುರುತು_ಧಾರವಾಡ

ಲಕ್ವ ಹೊಡೆದ್ರ ಗಡಿಯಾರ ನೋಡಿ ಹೇಳೂಹಂಗ ಒಮ್ಮಿಂದೊಮ್ಮೆ ಬರ್ತದ, ಶಕ್ತಿನ ಹೋಗ್ತದ. ಎಂಟು ತಿಂಗಳ ಮೆಲ್ಲಕ ಏರಿದ್ದು, ನಡುಕ ಇದ್ದದ್ದು ಅದಲ್ಲ. ಆದ್ರ ನಿಮ್ಮ ಮಾತಿನ್ಯಾಗ ಒಂದು ಹುರುಳದ. ಬಿ.ಪಿ., ಶುಗರಿನಿಂದ ಸಣ್ಣ ಸಣ್ಣ ನಾಳ ಮುಚ್ಚಿಕೋತ ಹೋದ್ರ ಸೊಂಟದ ಕೆಳಗ ಅಷ್ಟ ಪಾರ್ಕಿನ್ಸನ್ ಬಂದ್ಹಂಗ ಆಗ್ತದ. ಕಾಲು ನೆಲಕ್ಕ ಅಂಟಿಧಂಗ, ಹೆಜ್ಜಿ ಅಗಲ, ಆದ್ರ ಕೂತಾಗ ಕೈ ಛಲೋ ಆಡ್ತಾವ, ಮುಖಾನೂ ಕಳೆಯಾಗಿ ಇರ್ತದ. ನಡುಕ ಬಹಳ ಕಡಿಮಿ.

ಮೆದುಳಿನ ನೀರು ಹೆಚ್ಚಾದವರದೂ ಹಂಗ ಕಾಲಿನಿಂದನ ಶುರು, ಅವರಿಗೆ ಕೂಡ ಮೂತ್ರ ತಡಿಯಾಕಾಗಂಗಿಲ್ಲ, ಮರವೂ ಬರ್ತದ. ಎಂಆರ್‌ಐದಾಗ ಕೋಣಿ ಹಿಗ್ಗಿದ್ದು ಕಂಡ್ರ ಬೆನ್ನಿನಿಂದ 30–50 ಮಿಲಿ ನೀರು ತಗದು, ತಗಿಯೂ ಮೊದಲು ಮತ್ತ ಆಮ್ಯಾಲೆ ಅದ ದಾರ್ಯಾಗ ನಡಸಿ ಸೆಕೆಂಡು, ಹೆಜ್ಜಿ ಎಣಸ್ತಾರ. ಸುಧಾರಿಸಿದ್ರ ಹೆಚ್ಚಿನ ನೀರು ಹರದು ಹೋಗೂಹಂಗ ಶಂಟ್ ಅನ್ನೂ ನಳಿಗಿ ಹಾಕೂ ವಿಚಾರ. ಈ ಅಜ್ಜಾರಿಗೆ ಕೈಯಿಂದ ಶುರು ಆಗ್ಯದ, ಹಂಗಾಗಿ ಎರಡೂ ದೂರ.

ನರಮಂಡಲ_ಮೈಸೂರು

ಆಸ್ಪಿರಿನ್ ಅನ್ನು ಊಹೆಯ ಮೇಲೆ ಶುರು ಮಾಡಬೇಡಿ. 71ರ ವಯಸ್ಸಿನಲ್ಲಿ ಹೊಟ್ಟೆಯಲ್ಲಿ ರಕ್ತ ಸುರಿದರೆ ಅದು ದೊಡ್ಡ ತೊಂದರೆ.

ತಲೆಸುತ್ತಿನ ಬಗ್ಗೆ ಮನೆಯಲ್ಲೇ ಆಗುವ ಒಂದು ಅಳತೆ ಇದೆ. ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿ. ನಿಲ್ಲಿಸಿ, ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಬರೆದಿಟ್ಟು ತೋರಿಸಿ. ಆಗ ಆ ತಲೆಸುತ್ತಿಗೆ ಸಿನ್ನರಿಜಿನ್ ಬೇಕಾಗಿರಲೇ ಇಲ್ಲ, ಬಿ.ಪಿ. ಮಾತ್ರೆಯ ಪ್ರಮಾಣ ನೋಡಬೇಕಿತ್ತು ಎಂದಾಗುತ್ತದೆ. ಇಳಿತ ತೀರಾ ಜಾಸ್ತಿಯಿದ್ದು, ಮೂತ್ರದ ತೊಂದರೆಯೂ ಮೊದಲ ವರ್ಷಗಳಲ್ಲೇ ಸೇರಿಕೊಂಡರೆ ಪಾರ್ಕಿನ್ಸನ್ನಿಗಿಂತ ಬೇಗ ಬೆಳೆಯುವ ಬೇರೆ ಕಾಯಿಲೆಯ ಗುಮಾನಿ ಬರುತ್ತದೆ. ಮೊದಲ ಮೂರು ವರ್ಷದೊಳಗೇ ಪದೇ ಪದೇ ಹಿಂದಕ್ಕೆ ಬೀಳುವುದು, ಮೆಟ್ಟಿಲು ಇಳಿಯುವಾಗ ಕಣ್ಣು ಕೆಳಗೆ ಹೊರಳದಿರುವುದು, ಶುರುವಿನಲ್ಲೇ ಇಲ್ಲದ ಮನುಷ್ಯರು ಕಾಣಿಸುವುದು, ಇವನ್ನೂ ನ್ಯೂರಾಲಜಿಸ್ಟ್ ಕೇಳಿಯೇ ಕೇಳುತ್ತಾರೆ.

ಬೇರುನಾರು

ಆಯುರ್ವೇದದಲ್ಲಿ ಇದು ಕಂಪವಾತ. ಪಾರ್ಕಿನ್ಸನ್ನಿಗೆ ಡಾಕ್ಟರು ಕೊಡುವ ಲೆವೊಡೋಪಾ ನಸುಗುನ್ನಿ ಬೀಜದ ಚೂರ್ಣದಲ್ಲಿ ಸಹಜವಾಗಿಯೇ ಇದೆ. ಇಂಗ್ಲಿಷ್ ಮಾತ್ರೆಯ ಅಡ್ಡ ಪರಿಣಾಮ ಯಾಕೆ? ಬೆಳಗ್ಗೆ ಒಂದು ಚಮಚ ಹಾಲಿನಲ್ಲಿ ಶುರು ಮಾಡಲಿ.

ಔಷಧಿಕಪಾಟು

ನಸುಗುನ್ನಿಯಲ್ಲಿ ಲೆವೊಡೋಪಾ ಇರುವುದು ನಿಜ, ಅದೇ ಕಾರಣಕ್ಕೆ ಎಚ್ಚರ ಬೇಕು. ಒಂದು ಚಮಚದಲ್ಲಿ ಎಷ್ಟಿದೆ ಎನ್ನುವುದು ಬೀಜದಿಂದ ಬೀಜಕ್ಕೆ, ಡಬ್ಬದಿಂದ ಡಬ್ಬಕ್ಕೆ ಬದಲು. ಲೆವೊಡೋಪಾ ಮಾತ್ರೆಯಲ್ಲಿ ಜೊತೆಗೆ ಸೇರಿಸಿರುವ ಕಾರ್ಬಿಡೋಪಾ ಇದರಲ್ಲಿ ಇಲ್ಲದ್ದರಿಂದ ಬಹುಪಾಲು ಮೆದುಳಿಗೆ ಹೋಗುವ ಮುನ್ನವೇ ಖರ್ಚಾಗುತ್ತದೆ, ವಾಂತಿ ಮತ್ತು ಬಿ.ಪಿ. ಇಳಿತ ಮಾತ್ರ ಉಳಿಯುತ್ತದೆ. ಇವರಿಗೆ ಮೊದಲೇ ತಲೆಸುತ್ತು. ನ್ಯೂರಾಲಜಿಸ್ಟ್ ನೋಡುವ ಮುಂಚೆ ತಗೊಂಡರೆ ಅವರಿಗೆ ಕಾಣುವ ಚಿತ್ರವೇ ಮಸುಕಾಗುತ್ತದೆ. ತಗೊಳ್ಳುತ್ತಿರುವವರು ಯಾರಾದರೂ ಇದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ, ಲೆವೊಡೋಪಾ ಮಾತ್ರೆಯ ಲೆಕ್ಕದಲ್ಲಿ ಅದೂ ಸೇರಬೇಕು.

ಬೇರುನಾರು

ಪ್ರಮಾಣ ಏರುಪೇರು ಎನ್ನುವುದನ್ನು ಒಪ್ಪುತ್ತೇನೆ. ಆದರೆ ಬೀಜ ಶುದ್ಧಿ ಮಾಡಿ, ವೈದ್ಯರ ಕಣ್ಣಳತೆಯಲ್ಲಿ ಕೊಡುವುದನ್ನೂ ಡಬ್ಬದ ಪುಡಿಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ತುಂಗಾತೀರ (ಹನ್ನೊಂದು ವಾರದ ನಂತರ)

ಎಲ್ಲರಿಗೂ ಋಣಿ. ಆದದ್ದು ಬರೆಯುತ್ತೇನೆ.

ಊರಿನ ಡಾಕ್ಟರೇ ಕ್ಯಾಪ್ಸೂಲ್ ಬದಲಿಸಿ ಬರೀ ರಾಬೆಪ್ರಜೋಲ್ ಕೊಟ್ಟರು, ಸಿನ್ನರಿಜಿನ್ ಪೂರ್ತಿ ನಿಲ್ಲಿಸಿದರು. ಅಮ್ಮನ ಉತ್ತರ: ನಿದ್ದೆಯಲ್ಲಿ ಕೂಗುವುದು, ಕೈ ಬೀಸುವುದು ಆರೇಳು ವರ್ಷದಿಂದ ಇದೆ, ಒಮ್ಮೆ ಮಂಚದಿಂದ ಬಿದ್ದಿದ್ದರು. ಮಲಬದ್ಧತೆ ಅದಕ್ಕೂ ಹಳೆಯದು. ವಾಸನೆ ಅಷ್ಟಕ್ಕಷ್ಟೇ. ಮಲಗಿದಾಗ ಬಿ.ಪಿ. 138, ನಿಂತ ಮೂರನೇ ನಿಮಿಷಕ್ಕೆ 112.

ನ್ಯೂರಾಲಜಿಸ್ಟ್ ವಿಡಿಯೊ ಎರಡು ಸಲ ನೋಡಿದರು. ಮೊಣಕೈ, ಮಣಿಕಟ್ಟು ತಿರುಗಿಸಿ ಬಿಗಿತ ನೋಡಿದರು. ಎಡಗೈ ಮುಷ್ಟಿ ಬಿಗಿಹಿಡಿದು ಬಿಡುತ್ತಿರಿ ಅಂದಾಗ ಬಲಗೈಯ ಬಿಗಿತ ಎದ್ದು ಕಂಡಿತಂತೆ. ಎಡಗೈಯಲ್ಲೂ ಸ್ವಲ್ಪ ಇತ್ತು. ಒಂದು ವರ್ಷದಿಂದ ಇದ್ದ ಬಲಭುಜದ ನೋವೂ ಈ ಬಿಗಿತದ್ದೇ ಇರಬಹುದು ಅಂದರು. ನಾವು ಅದನ್ನು ಭುಜ ಹಿಡಿದುಕೊಂಡಿದೆ ಅಂತ ಎಣ್ಣೆ ಹಚ್ಚುತ್ತಿದ್ದೆವು. ಎಂಆರ್‌ಐ ವಯಸ್ಸಿಗೆ ತಕ್ಕಂತಿದೆ, ಥೈರಾಯ್ಡ್ ಸರಿಯಿದೆ. ಆಮ್ಲೋಡಿಪಿನ್ 2.5ಕ್ಕೆ ಇಳಿಸಿದರು. ಬೇರೇನೂ ಶುರು ಮಾಡದೆ ಎರಡು ತಿಂಗಳು ಬಿಟ್ಟು ಬನ್ನಿ ಅಂದರು.

ಈಗಿನ ಸ್ಥಿತಿ: ಚಪ್ಪಲಿ ಸದ್ದು ಬಹಳ ಕಡಿಮೆಯಾಗಿದೆ. ತಿರುಗಲು ಆರು ಹೆಜ್ಜೆ ಬೇಕಿತ್ತು, ಈಗ ನಾಲ್ಕು. ಮುಖದಲ್ಲಿ ನಗು ಕಾಣುತ್ತೆ. ಎಡಗೈ ಬಡಿತ ಕೊನೆವರೆಗೂ ಅಗಲವಾಗೇ ಇದೆ. ಆದರೆ ಬಲಗೈ ನಡುಕ ಹಾಗೇ ಇದೆ, ಬಲಗೈ ಬೆರಳು ಎಂಟನೇ ಬಡಿತಕ್ಕೆ ಸಣ್ಣದಾಗುತ್ತೆ. ಬಲಗೈ ಬೀಸು ಇಲ್ಲ.

ಇದರ ಅರ್ಥ ಏನು? ಇನ್ನೂ ಕಾಯಬೇಕೇ?

ನರಮಂಡಲ_ಮೈಸೂರು

ನಿಮ್ಮ ಬರಹದಲ್ಲೇ ಉತ್ತರದ ದೊಡ್ಡ ಪಾಲು ಇದೆ. ಕಳಚಿಹೋದದ್ದು ಮಾತ್ರೆ ಹೊರಿಸಿದ ಭಾರ: ಎಡಗಡೆಯ ಬಿಗಿತ, ಮುಖ, ಕಾಲೆಳೆತದ ಒಂದು ಭಾಗ. ಉಳಿದದ್ದು ಬಲಗಡೆಯದು, ಹಿಂದೆ ಆರೇಳು ವರ್ಷದ ನಿದ್ದೆಯ ಕೂಗು ಮತ್ತು ಮಲಬದ್ಧತೆ ಇರುವುದು. ಒಳಗೆ ಪಾರ್ಕಿನ್ಸನ್ ಇತ್ತು, ಮಾತ್ರೆಗಳು ಅದನ್ನು ಮೊದಲೇ ಬಯಲಿಗೆ ತಂದವು ಅನ್ನುವ ಕಡೆಗೆ ಇದು ಬಲವಾಗಿ ಬೊಟ್ಟು ಮಾಡುತ್ತದೆ.

ಬಲವಾಗಿ ಅಂದೆ, ಪೂರ್ತಿಯಾಗಿ ಅಲ್ಲ. ಈ ಮಾತ್ರೆಗಳ ಪರಿಣಾಮ ಕೆಲವರಲ್ಲಿ ವಾರಗಳಲ್ಲಿ, ಹೆಚ್ಚಿನವರಲ್ಲಿ ಕೆಲವು ತಿಂಗಳಲ್ಲಿ ಇಳಿಯುತ್ತದೆ, ಇನ್ನು ಕೆಲವರಿಗೆ ವರ್ಷ ಹಿಡಿಯುತ್ತದೆ. ಹನ್ನೊಂದು ವಾರ ಇನ್ನೂ ಮಧ್ಯದ ದಾರಿ. ಈಗಲೇ ತಿಳಿಯಬೇಕೆಂದರೆ ಡೋಪಮಿನ್ ನರದ ತುದಿಗಳನ್ನು ತೋರಿಸುವ ಸ್ಕ್ಯಾನ್ ಇದೆ, ನಮ್ಮಲ್ಲಿ ಟ್ರೊಡ್ಯಾಟ್ ಎಂಬ ಹೆಸರಿನಲ್ಲಿ ದೊಡ್ಡ ಊರುಗಳ ಕೆಲವು ಕೇಂದ್ರಗಳಲ್ಲಿ ಸಿಗುತ್ತದೆ. ಬರೀ ಮಾತ್ರೆಯದಾದರೆ ಚಿತ್ರ ನಾರ್ಮಲ್, ಎರಡು ಅಲ್ಪವಿರಾಮಗಳ ಹಾಗೆ ಕಾಣುತ್ತದೆ. ಪಾರ್ಕಿನ್ಸನ್ ಆದರೆ ಬಾಲ ಸವೆದು ಚುಕ್ಕಿಯಂತಾಗುತ್ತದೆ, ಇವರಲ್ಲಿ ಎಡ ಮೆದುಳಿನದು ಮೊದಲು. ಆದರೆ ಆ ಸ್ಕ್ಯಾನ್ ಪಾರ್ಕಿನ್ಸನ್ ಮತ್ತು ಅದರ ಬೇಗ ಬೆಳೆಯುವ ದಾಯಾದಿಗಳ ನಡುವೆ ವ್ಯತ್ಯಾಸ ಹೇಳುವುದಿಲ್ಲ. ನನ್ನ ಮಟ್ಟಿಗೆ, ಕೈ ತೊಂದರೆ ದಿನದ ಕೆಲಸಕ್ಕೆ ಅಡ್ಡ ಬರದಿದ್ದರೆ ಇನ್ನು ಮೂರು ತಿಂಗಳು ಕಾಯುವುದೇ ಸರಿ.

ಹೆಜ್ಜೆಗುರುತು_ಧಾರವಾಡ

ಇದಕ್ಕ ನಾ ಪೂರಾ ಒಪ್ಪಂಗಿಲ್ಲ, ಸರ್. ಗುಂಡಿ ಹಾಕ್ಕೊಳ್ಳಾಕ, ಊಟ ಮಾಡಾಕ ಬಲಗೈ ಬೇಕು. ಕಾಯ್ತ ಕೂತ್ರ ಮನಷ್ಯಾ ಓಡಾಡೂದು ಬಿಡ್ತಾನ, ತೊಡಿ ಸ್ನಾಯು ಕರಗ್ತಾವ. ಲೆವೊಡೋಪಾ ಮಾತ್ರೆ ಸಣ್ಣ ಪ್ರಮಾಣದಾಗ ಶುರು ಮಾಡಿ ಅದರ ಪರಿಣಾಮಾನ ಸಾಕ್ಷಿ ಅಂತ ತಗೋಬಹುದಲ್ಲ?

ನರಮಂಡಲ_ಮೈಸೂರು

ತಗೊಳ್ಳಬಹುದು, ಹಾಗೆ ಮಾಡುವ ವೈದ್ಯರೂ ಬಹಳ ಇದ್ದಾರೆ. ನನ್ನ ಅಳುಕು ಒಂದೇ. ಅರ್ಧ ಮನಸ್ಸಿನ ಪ್ರಯೋಗ ಮಾಡಿ "ಮಾತ್ರೆ ಹಿಡಿಸಲಿಲ್ಲ, ಹಾಗಾಗಿ ಪಾರ್ಕಿನ್ಸನ್ ಅಲ್ಲ" ಎಂದು ಬಿಡುವುದು. ಸಾಮಾನ್ಯವಾಗಿ 50 ಮಿಲಿಗ್ರಾಂ ಲೆವೊಡೋಪಾ, ಅಂದರೆ 100ರ ಅರ್ಧ ಮಾತ್ರೆ, ದಿನಕ್ಕೆ ಮೂರು ಸಲ ಶುರು ಮಾಡಿ ವಾರಗಳ ಮೇಲೆ ಏರಿಸುತ್ತಾರೆ. ದಿನಕ್ಕೆ 300ರಲ್ಲಿ ಏನೂ ಆಗಲಿಲ್ಲವೆಂದರೆ ಪ್ರಯೋಗ ಮುಗಿದಿಲ್ಲ. ತಡೆದುಕೊಂಡರೆ 600 ದಾಟಿ ಕೆಲವು ವಾರ ನೋಡಿದ ಮೇಲೆಯೇ "ಹಿಡಿಸಲಿಲ್ಲ" ಎನ್ನುವ ಮಾತು. ಅದರಲ್ಲೂ ನಿಧಾನ, ಬಿಗಿತಕ್ಕೆ ಮೊದಲು ಹಿಡಿಸುತ್ತದೆ, ನಡುಕ ಹಠ ಮಾಡುತ್ತದೆ. ನಡುಕ ನಿಂತಿತೇ ಎಂದು ಮಾತ್ರ ನೋಡುತ್ತಿದ್ದರೆ ಮೋಸ ಹೋಗುತ್ತೀರಿ, ಗುಂಡಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ಇಟ್ಟು ನೋಡಿ.

ಔಷಧಿಕಪಾಟು

ಶುರು ಮಾಡುವುದಾದರೆ ಅಂಗಡಿಯ ಕಡೆಯ ಮೂರು ವಿಷಯ.

ಲೆವೊಡೋಪಾ 100ರ ಮಾತ್ರೆ ಎರಡು ತರಹ ಬರುತ್ತದೆ, ಒಂದರಲ್ಲಿ ಕಾರ್ಬಿಡೋಪಾ 10, ಇನ್ನೊಂದರಲ್ಲಿ 25. ವಾಕರಿಕೆ ತಡೆಯಲು ದಿನಕ್ಕೆ ಕಾರ್ಬಿಡೋಪಾ ಸುಮಾರು 75 ಆದರೂ ಬೇಕು. 10ರದ್ದನ್ನು ಮೂರು ಸಲ ತಗೊಂಡರೆ 30 ಮಾತ್ರ ಆಗುತ್ತದೆ, ವಾಂತಿ ಬರುತ್ತದೆ, ಜನ ಮಾತ್ರೆ ಬಿಟ್ಟುಬಿಡುತ್ತಾರೆ. ಚೀಟಿಯಲ್ಲಿ ಯಾವುದು ಬರೆದಿದೆಯೋ ಅದನ್ನೇ ಕೇಳಿ ಪಡೆಯಿರಿ, "ಇದೂ ಅದೇ" ಅಂದರೆ ಒಪ್ಪಬೇಡಿ.

ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಒಂದು ಗಂಟೆಯ ನಂತರ. ಬೇಳೆ, ಮೊಸರು, ಮೊಟ್ಟೆಯ ಪ್ರೋಟೀನು ಕರುಳಿನಲ್ಲಿ ಇದೇ ದಾರಿಗೆ ಪೈಪೋಟಿ ಮಾಡುತ್ತದೆ. ಮೊದಲ ವಾರ ವಾಕರಿಕೆ ಬಂದರೆ ಒಂದೆರಡು ಬಿಸ್ಕತ್ತು ಪರವಾಗಿಲ್ಲ. ವಾಂತಿಗೆ ಮೆಟೊಕ್ಲೊಪ್ರಮೈಡ್ ಬೇಡವೇ ಬೇಡ. ಡೊಂಪೆರಿಡೋನ್ ಕೊಡುತ್ತಾರೆ, ಹೃದಯದ ತೊಂದರೆ ಇದ್ದರೆ ಇಸಿಜಿ ನೋಡಿ.

ನಡುಕಕ್ಕೆ ಅಂತ ಟ್ರೈಹೆಕ್ಸಿಫೆನಿಡಿಲ್ ಬರೆದರೆ ಒಮ್ಮೆ ಕೇಳಿ ನೋಡಿ. ನಡುಕ ಇಳಿಸುತ್ತದೆ, ಆದರೆ ಎಪ್ಪತ್ತು ದಾಟಿದವರಿಗೆ ಗೊಂದಲ, ಮರೆವು, ಮೂತ್ರ ಕಟ್ಟುವುದು, ಮಲಬದ್ಧತೆ ಜಾಸ್ತಿ. ಇನ್ನೊಂದು, ಲೆವೊಡೋಪಾವನ್ನು ಒಂದೇ ಸಲ ನಿಲ್ಲಿಸಬಾರದು. ಊರಿಗೆ ಹೋದಾಗ ಮಾತ್ರೆ ಮುಗಿಯಿತು ಅಂತ ನಾಲ್ಕು ದಿನ ಬಿಟ್ಟು ಮೈ ಕಟ್ಟಿಗೆಯಾಗಿ ಜ್ವರ ಏರಿ ಐಸಿಯು ಸೇರುವ ಪರಿಸ್ಥಿತಿ ಬರಬಹುದು.

ಬೆಳ್ಳಿಮೋಡ

ಅತ್ತೆಯ ಡಬ್ಬ ಇವತ್ತು ನೋಡಿದೆ. ಅವರ ಗ್ಯಾಸ್ಟ್ರಿಕ್ ಕ್ಯಾಪ್ಸೂಲಲ್ಲೂ ಲೆವೊಸಲ್ಪಿರೈಡ್ ಇದೆ. ಅವರಿಗೆ ನಡಿಗೆ ಚೆನ್ನಾಗೇ ಇದೆ. ಬದಲಿಸಬೇಕಾ?

ಔಷಧಿಕಪಾಟು

ಎಷ್ಟು ದಿನಕ್ಕೆ ಅಂತ ಬರೆದಿದ್ದರು, ಎಷ್ಟು ದಿನ ಆಯಿತು ಎನ್ನುವುದನ್ನು ಮೊದಲು ನೋಡಿ. ಹೆಚ್ಚಿನ ಚೀಟಿಗಳಲ್ಲಿ ಎರಡು ವಾರ, ನಾಲ್ಕು ವಾರ ಅಂತ ಇರುತ್ತದೆ. ಅದು ಮುಗಿದಿದ್ದರೆ ಅವರ ಡಾಕ್ಟರಿಗೆ ತೋರಿಸಿ, ನಡುಕದ ವಿಷಯವನ್ನೂ ಹೇಳಿ. ಇರುವ ಎಸೆನ್ಷಿಯಲ್ ಟ್ರೆಮರ್ ಮೇಲೆ ಇದು ಇನ್ನೊಂದು ನಡುಕ ಪೇರಿಸಬಹುದು.

ತುಂಗಾತೀರ

ಇಲ್ಲಿನ ಎರಡೂ ಅಭಿಪ್ರಾಯ ನ್ಯೂರಾಲಜಿಸ್ಟ್ ಮುಂದಿಟ್ಟೆ. ಅಪ್ಪನ ಸಹಿ ಬ್ಯಾಂಕಿನಲ್ಲಿ ಹೊಂದುತ್ತಿಲ್ಲ, ಅಕ್ಷರ ಸಾಲಿನ ಕೊನೆಗೆ ಹೋಗುತ್ತಾ ಇರುವೆಯಷ್ಟಾಗುತ್ತೆ ಅಂದಾಗ, 25 ಕಾರ್ಬಿಡೋಪಾ ಇರುವ ಮಾತ್ರೆ ಅರ್ಧ, ಮೂರು ಹೊತ್ತು, ಬರುವ ಸೋಮವಾರದಿಂದ ಅಂದರು. ಸ್ಕ್ಯಾನ್ ಈಗ ಬೇಡವಂತೆ. ಶುರು ಮಾಡುವ ಮುನ್ನ ಒಂದು ಬಿಳಿ ಹಾಳೆಯಲ್ಲಿ ಒಂದೇ ವಾಕ್ಯವನ್ನು ಐದು ಸಲ ಬರೆಸಿ ತಾರೀಕು ಹಾಕಿ ಇಡಿ ಎಂದಿದ್ದಾರೆ. ಬರೆಸಿದ್ದೇನೆ. ಆ ಹಾಳೆಯನ್ನು ಅಪ್ಪನ ಬಿ.ಪಿ. ಪುಸ್ತಕದಲ್ಲಿ ಇಟ್ಟು, ಪುಸ್ತಕದ ಹೊರಗೆ ಕೆಂಪು ಶಾಯಿಯಲ್ಲಿ ಕೊಡಬಾರದ ಐದು ಮಾತ್ರೆಗಳ ಹೆಸರು ಬರೆದೆ: ಲೆವೊಸಲ್ಪಿರೈಡ್, ಸಿನ್ನರಿಜಿನ್, ಫ್ಲುನರಿಜಿನ್, ಮೆಟೊಕ್ಲೊಪ್ರಮೈಡ್, ಪ್ರೊಕ್ಲೊರ್‌ಪೆರಜಿನ್. ಮೆಡಿಕಲ್ ಶಾಪಿನ ಹುಡುಗನಿಗೂ ಒಂದು ಪ್ರತಿ ಕೊಟ್ಟೆ, ಅವನು ಗೋಡೆಗೆ ಅಂಟಿಸಿಕೊಂಡ.